ಕೀಬೋರ್ಡಿಗೆ 35 ಗ್ರಾಂ ಸ್ವಿಚ್ ಹಾಕಿದ ಮೇಲೆ ಕೈನೋವು ಜಾಸ್ತಿ ಆಗಿದೆ, ಇದು ಹೇಗೆ?

ಬದಿಯಡ್ಕ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಉಂಟು. ಈಗ ಜಾತ್ರೆ, ಬ್ರಹ್ಮಕಲಶದ ಸಮಯ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ರಾತ್ರಿ ಎಂಟರವರೆಗೆ ಟೈಪಿಂಗ್. ಆಮಂತ್ರಣ ಪತ್ರಿಕೆ, ಯಕ್ಷಗಾನದ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ನಡುವೆ ಪಂಚಾಯತಿಗೆ ಕೊಡುವ ಮಲಯಾಳ ಅರ್ಜಿಗಳು. ಕನ್ನಡ, ಮಲಯಾಳ ಎರಡಕ್ಕೂ ಇನ್‌ಸ್ಕ್ರಿಪ್ಟ್ ಬಳಸುತ್ತೇನೆ. ಎರಡರಲ್ಲೂ ಅಕ್ಷರಗಳ ಜಾಗ ಒಂದೇ, ಅದೊಂದು ಸುಖ.

ಕಳೆದ ವರ್ಷ ಮೆಕ್ಯಾನಿಕಲ್ ಕೀಬೋರ್ಡ್ ತೆಗೆದುಕೊಂಡೆ. ರೆಡ್ ಸ್ವಿಚ್, 45 ಗ್ರಾಂ ಅಂತ ಬರೆದಿತ್ತು. ಚೆನ್ನಾಗಿಯೇ ಇತ್ತು. ಆದರೆ ಸಂಜೆ ನಾಲ್ಕರ ಹೊತ್ತಿಗೆ ಬಲಗೈಯ ಕಿರುಬೆರಳು ಸೋತುಹೋಗುತ್ತಿತ್ತು. ಹಗುರದ ಸ್ವಿಚ್ ಹಾಕಿದರೆ ಸರಿಯಾಗುತ್ತದೆ ಅಂತ ಒಬ್ಬರು ಹೇಳಿದರು. 35 ಗ್ರಾಂನ ಒಂದು ಸೆಟ್ ತರಿಸಿ ಎಲ್ಲವನ್ನೂ ಬದಲಾಯಿಸಿದೆ. ಹಾಟ್‌ಸ್ವಾಪ್ ಬೋರ್ಡ್, ಹಾಗಾಗಿ ಬೆಸುಗೆಯ ಕೆಲಸ ಇರಲಿಲ್ಲ.

ಈಗ ಕಿರುಬೆರಳು ಪರವಾಗಿಲ್ಲ. ಆದರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಕೈಯ ಮೇಲ್ಭಾಗ ಎಳೆದ ಹಾಗೆ ನೋಯುತ್ತದೆ. ಮೊದಲು ಇದು ಇರಲಿಲ್ಲ. ತಪ್ಪುಗಳೂ ಜಾಸ್ತಿ. ಸುಮ್ನೆ ಬೆರಳು ಇಟ್ಟಿದ್ದರೂ ಒಂದು ಒತ್ತು ಬಂದು ಕೂತಿರುತ್ತದೆ. ಇನ್ನೂ ಹಗುರದ್ದು ತರಿಸಬೇಕಾ, ಅಥವಾ ಹಳೆಯ ರಬ್ಬರಿನ ಕೀಬೋರ್ಡಿಗೇ ಹೋಗಬೇಕಾ?

ಉಪ್ಪಳ ಗೇಮರ್

ಅಕ್ಕಾ, 35 ಚೆನ್ನಾಗಿಯೇ ಉಂಟು. ಅಭ್ಯಾಸ ಆಗಬೇಕು ಅಷ್ಟೆ. ಲೆಕ್ಕ ನೋಡಿ. ಒಂದು ಕೀಗೆ 10 ಗ್ರಾಂ ಉಳಿಯಿತು. ದಿನಕ್ಕೆ ಮೂವತ್ತು ಸಾವಿರ ಸಲ ಹೊಡೆದರೆ ಮುನ್ನೂರು ಕೆಜಿ ಉಳಿತಾಯ! ಹಗುರ ಆದಷ್ಟೂ ಆಯಾಸ ಕಡಿಮೆ, ಅದರಲ್ಲಿ ಎಂತ ಸಂಶಯ? ಎರಡು ವಾರ ಬಿಡಿ, ಬೆರಳು ಹೊಂದಿಕೊಳ್ಳುತ್ತದೆ.

ಕುಂಬಳೆ ಮಾಷ್ಟ್ರು

ನಾನು ಕಾಸರಗೋಡಿನಲ್ಲಿ ಕನ್ನಡ ಟೈಪ್‌ರೈಟಿಂಗ್ ಕಲಿತವನು. ಆ ಯಂತ್ರದ ಕೀಲಿಗಳ ಮುಂದೆ ನಿಮ್ಮ 45 ಗ್ರಾಂ ಎಂದರೆ ಹತ್ತಿ. ಕಿರುಬೆರಳಿನಿಂದ ಶಿಫ್ಟ್ ಒತ್ತಿದರೆ ಇಡೀ ಗಾಡಿಯೇ ಮೇಲೇಳಬೇಕಿತ್ತು. ಆಗ ಯಾರೂ ಕೈನೋವು ಎಂದು ಹೇಳಿದ್ದು ನೆನಪಿಲ್ಲ. ಬೆರಳಿಗೆ ಕೆಲಸ ಕೊಡದಿದ್ದರೆ ಅದು ಸೋಮಾರಿಯಾಗುತ್ತದೆ. ಭಾರದ್ದನ್ನೇ ಹಾಕಿ ತಂಗೀ.

ಹಾಗೆಯೇ ಒಂದು ಪ್ರಶ್ನೆ. ರಾತ್ರಿ ಟೈಪ್ ಮಾಡಿದರೆ ಮನೆಯಲ್ಲಿ ಬೈಗುಳ. ಸದ್ದು ಮಾಡದ ಸ್ಪ್ರಿಂಗ್ ಯಾವುದು?

ಮುಳ್ಳೇರಿಯ ರಿಪೇರಿ

ಮಾಷ್ಟ್ರೇ, ಸದ್ದಿನ ವಿಷಯ ಬೇರೆ, ಆಮೇಲೆ ಮಾತಾಡುವ. ಸದ್ದು ಬಹುಪಾಲು ಕೀ ತಳಕ್ಕೆ ಬಡಿಯುವುದರಿಂದ, ಸ್ಪ್ರಿಂಗಿನಿಂದ ಅಲ್ಲ.

ಆದರೆ ಟೈಪ್‌ರೈಟರ್ ಮಾತು ಬಂದದ್ದು ಒಳ್ಳೆಯದೇ ಆಯಿತು. ಅಲ್ಲಿ ಪ್ರತಿ ಸಾಲು ಮುಗಿಯುತ್ತಾ ಬಂದಾಗ ಗಂಟೆ ಹೊಡೆಯುತ್ತಿತ್ತು. ನೀವು ಕೈ ಎತ್ತಿ ಗಾಡಿಯನ್ನು ತಳ್ಳಬೇಕಿತ್ತು. ಪುಟ ಮುಗಿದರೆ ಕಾಗದ ತೆಗೆಯಬೇಕು, ಕಾರ್ಬನ್ ಜೋಡಿಸಬೇಕು. ಅಂದರೆ ಕೆಲವು ಸೆಕೆಂಡಿಗೊಮ್ಮೆ ಬೆರಳಿಗೆ ಬಿಡುವು. ಕೀಗಳ ಮೇಲೆ ಬೆರಳು ಹಾಗೇ ತೇಲಿಸಿಕೊಂಡು ಹನ್ನೊಂದು ಗಂಟೆ ಯಾರೂ ಕೂರುತ್ತಿರಲಿಲ್ಲ. ಭಾರದ ಕೀಲಿ ಒಳ್ಳೆಯದು ಎಂದು ಇದರಿಂದ ಹೇಳಲಿಕ್ಕೆ ಬರುವುದಿಲ್ಲ.

ಗೇಮರ್ ತಮ್ಮ, ನಿನ್ನ ಗುಣಾಕಾರ ಸರಿ, ಲೆಕ್ಕ ಅರ್ಧ. 45, 35 ಅಂತ ಪೆಟ್ಟಿಗೆಯ ಮೇಲೆ ಬರೆಯುವುದು ಅಕ್ಷರ ಬೀಳುವ ಜಾಗದಲ್ಲಿ ಬೇಕಾಗುವ ಭಾರ. ಮಾಮೂಲಿ ರೆಡ್‌ನಲ್ಲಿ ಅದು 2 ಮಿಲಿಮೀಟರ್ ಆಳದಲ್ಲಿ. ಕೀ ಇಳಿಯುವುದು 4 ಮಿಲಿಮೀಟರ್. ವೇಗವಾಗಿ ಟೈಪ್ ಮಾಡುವವರು ಯಾರೂ 2ಕ್ಕೆ ನಿಲ್ಲಿಸುವುದಿಲ್ಲ, ತಳಕ್ಕೆ ಬಡಿದೇ ಬರುತ್ತಾರೆ. ಹಾಗಾಗಿ ಬೆರಳು ನಿಜವಾಗಿ ಎದುರಿಸುವುದು ತಳದ ಭಾರವನ್ನು. ಅದು ಪೆಟ್ಟಿಗೆಯ ಮೇಲೆ ಇರುವುದಿಲ್ಲ.

ಇನ್ನೊಂದು ತುದಿಯೂ ಉಂಟು. ಸ್ವಿಚ್ಚಿನ ಒಳಗೆ ಸ್ಪ್ರಿಂಗ್ ಮೊದಲೇ ಸ್ವಲ್ಪ ಅದುಮಿಕೊಂಡೇ ಕೂತಿರುತ್ತದೆ. ಕೀ ಅಲ್ಲಾಡಲು ಶುರುವಾಗಬೇಕಾದರೇ ಒಂದಿಷ್ಟು ಭಾರ ಬೇಕು. ಅದು ಆರಂಭದ ಭಾರ. ಬದಿಯಡ್ಕದ ಅಕ್ಕನ ಕೈನೋವಿನ ಗುಟ್ಟು ಅಲ್ಲೇ ಇರಬಹುದು ಅಂತ ನನಗೆ ಅನಿಸುತ್ತದೆ. ಆದರೆ ಅಳೆಯದೆ ಹೇಳುವುದಿಲ್ಲ.

ಅಕ್ಕಾ, ಅಡುಗೆಮನೆಯಲ್ಲಿ ಡಿಜಿಟಲ್ ತಕ್ಕಡಿ ಉಂಟಾ? 1 ಗ್ರಾಂ ತೋರಿಸುವಂಥದ್ದು?

ಉಪ್ಪಳ ಗೇಮರ್

ತಕ್ಕಡಿ ಎಲ್ಲ ಯಾಕೆ ಅಣ್ಣಾ? ನಾಣ್ಯ ಸಾಕು. ಹತ್ತು ರೂಪಾಯಿ ನಾಣ್ಯ 7.7 ಗ್ರಾಂ. ನಾನು ನನ್ನ ಬ್ರೌನ್ ಕೀಬೋರ್ಡಿನ ಒಂದು ಕೀ ಮೇಲೆ ಈಗಷ್ಟೆ ಜೋಡಿಸಿ ನೋಡಿದೆ. ಏಳು ಇಟ್ಟಾಗ ಸ್ವಲ್ಪ ತಗ್ಗಿ ನಿಂತಿತು. ಎಂಟನೆಯದು ಇಟ್ಟದ್ದೇ ಧಡಕ್ಕನೆ ಕೆಳಗೆ ಹೋಯಿತು, ಅಕ್ಷರವೂ ಬಂತು. ಅಂದರೆ 62 ಗ್ರಾಂ. ಕಂಪನಿಯವರು ಇದಕ್ಕಿಂತ ಕಡಿಮೆ ಬರೆದಿದ್ದಾರೆ. ಸುಳ್ಳಲ್ವಾ?

ಮುಳ್ಳೇರಿಯ ರಿಪೇರಿ

ಸುಳ್ಳಲ್ಲ ಮಾರಾಯ. ಬ್ರೌನ್ ಒಳಗೆ ಒಂದು ಉಬ್ಬು ಉಂಟು. ಮೊದಲು ಆ ಉಬ್ಬು ಹತ್ತಬೇಕು, ಹತ್ತಿದ ಮೇಲೆ ಭಾರ ಒಮ್ಮೆ ಇಳಿಯುತ್ತದೆ. ನಿನ್ನ ಎಂಟು ನಾಣ್ಯ ಉಬ್ಬು ದಾಟಿತು, ಆಮೇಲೆ ತಡೆಯುವವರಿಲ್ಲದೆ ಜಾರಿತು. ಅಕ್ಷರ ಬಿದ್ದದ್ದು ದಾರಿಯಲ್ಲಿ. ಹಾಗಾಗಿ ನೀನು ಅಳೆದದ್ದು ಉಬ್ಬಿನ ತುದಿಯನ್ನು. ನಾಣ್ಯವೂ ಎಂಟೆಂಟು ಗ್ರಾಂ ಹಾರುತ್ತದೆ, ನಿಜವಾದ ಅಂಕಿ 54ಕ್ಕೂ 62ಕ್ಕೂ ನಡುವೆ ಎಲ್ಲೋ ಉಂಟು. ಉಬ್ಬು ಇಲ್ಲದ ರೆಡ್, ಯೆಲ್ಲೋ, ಬ್ಲ್ಯಾಕ್‌ಗಳಿಗೆ ನಾಣ್ಯದ ಉಪಾಯ ತಕ್ಕಮಟ್ಟಿಗೆ ನಡೆಯುತ್ತದೆ, ಅಲ್ಲಿ ಕೀ ನಿಧಾನವಾಗಿ ಇಳಿದು ಸಮತೂಕದಲ್ಲಿ ನಿಲ್ಲುತ್ತದೆ.

ಚೆರಿ ಕಂಪನಿಯ ಹಾಳೆಯಲ್ಲೇ ರೆಡ್‌ಗೆ 45 ಸೆಂಟಿನ್ಯೂಟನ್, ಹೆಚ್ಚು ಕಡಿಮೆ 15 ಅಂತ ಹಾಕಿದ್ದು ನಾನು ನೋಡಿದ್ದೇನೆ. ಒಂದು ಸೆಂಟಿನ್ಯೂಟನ್ ಎಂದರೆ ಹತ್ತಿರ ಹತ್ತಿರ ಒಂದು ಗ್ರಾಂ ತೂಕ ಅಂತ ಇಟ್ಟುಕೊಳ್ಳಿ. ಪಕ್ಕಪಕ್ಕದ ಎರಡು ಕೀಗಳು ಒಂದೇ ತೂಕ ತೋರಿಸದಿದ್ದರೆ ಗಾಬರಿ ಬೇಡ.

ಬದಿಯಡ್ಕ ಡಿಟಿಪಿ

ತಕ್ಕಡಿ ಉಂಟು, ಕೇಕ್ ಮಾಡಲು ಮಗಳು ತರಿಸಿದ್ದು. ಹೇಗೆ ಅಳೆಯಬೇಕು?

ಮುಳ್ಳೇರಿಯ ರಿಪೇರಿ

ಕೀಬೋರ್ಡನ್ನು ಕಂಪ್ಯೂಟರಿಗೆ ಚುಚ್ಚಿಯೇ ತಕ್ಕಡಿಯ ಮೇಲೆ ಇಡಿ. ಅಳೆಯುವ ಕೀ ತಟ್ಟೆಯ ಮೇಲೇ ಬರಬೇಕು, ಅಂಚಿಗೆ ಹೋದರೆ ಬೋರ್ಡ್ ಓಲಾಡುತ್ತದೆ. ವಯರ್ ಎಳೆಯದಂತೆ ಸಡಿಲ ಬಿಡಿ. ತಕ್ಕಡಿಯನ್ನು ಸೊನ್ನೆ ಮಾಡಿ. ಒಂದು ಪೆನ್ಸಿಲ್ ತೆಗೆದುಕೊಂಡು ರಬ್ಬರ್ ಇರುವ ತುದಿಯಿಂದ ಕೀಯ ನಡುವೆ ನೇರವಾಗಿ, ತುಂಬಾ ನಿಧಾನವಾಗಿ ಒತ್ತಿ. ತಕ್ಕಡಿ ಅಂಕಿ ಬದಲಿಸಲು ತಡ ಮಾಡುತ್ತದೆ, ಅದಕ್ಕೇ ನಿಧಾನ. ಪರದೆಯಲ್ಲಿ ಅಕ್ಷರ ಬಿದ್ದ ಕ್ಷಣದ ಅಂಕಿ ಬರೆದುಕೊಳ್ಳಿ. ಒತ್ತುತ್ತಾ ಹೋಗಿ. ತಳ ಮುಟ್ಟಿದ ಕೂಡಲೇ ಅಂಕಿ ಒಮ್ಮೆಲೇ ಹಾರುತ್ತದೆ. ಹಾರುವ ಮೊದಲಿನ ಅಂಕಿ ತಳದ ಭಾರ. ಐದು ಸಲ ಮಾಡಿ, ನಡುವಿನದ್ದನ್ನು ಇಟ್ಟುಕೊಳ್ಳಿ. ಹಳೆಯ ರೆಡ್ ಒಂದು, ಹೊಸದೊಂದು, ಎರಡನ್ನೂ ಅಳೆಯಿರಿ.

ಆಮೇಲೆ ಬರೀ ತಕ್ಕಡಿ. ಕೀಬೋರ್ಡಿನ ಎತ್ತರಕ್ಕೇ ತಟ್ಟೆ ಬರುವಂತೆ ಮಾಡಿ, ಕೈಯನ್ನು ಟೈಪ್ ಮಾಡುವ ಹಾಗೆಯೇ ಇಟ್ಟು, ಒಂದೊಂದೇ ಬೆರಳನ್ನು ತಟ್ಟೆಯ ಮೇಲೆ ಬಿಡಿ. ಒತ್ತಬೇಡಿ, ಸತ್ತ ಹಾಗೆ ಬಿಡಿ. ಪ್ರತಿ ಬೆರಳಿನ ಅಂಕಿ ಬರೆಯಿರಿ. ಇದು ಬಹಳ ಮುಖ್ಯ.

ಹೊಸೂರಿನಿಂದ

ನಾನು ಇದೇ ಲೆಕ್ಕದಲ್ಲಿ ದುಡ್ಡು ಕಳೆದುಕೊಂಡವನು. ಬರೀ ಸ್ಪ್ರಿಂಗ್ ಪ್ಯಾಕೆಟ್ ತರಿಸಿದ್ದೆ. ರೆಡ್ 45 ಅಲ್ವಾ ಅಂತ 45 ಗ್ರಾಂನದ್ದೇ ಆರಿಸಿದೆ. ಒಂದು ಭಾನುವಾರ ಪೂರ್ತಿ ಕೂತು ಎಂಬತ್ತೇಳು ಸ್ವಿಚ್ ಬಿಚ್ಚಿ ಹಾಕಿದೆ. ಆಮೇಲೆ ನೋಡಿದರೆ ಉಸಿರು ಬಿಟ್ಟರೂ ಅಕ್ಷರ ಬೀಳುತ್ತದೆ. ಬಿಡಿ ಸ್ಪ್ರಿಂಗ್ ಮಾರುವವರು ಹೆಚ್ಚಾಗಿ ಬರೆಯುವುದು ತಳದ ಭಾರ, ಸ್ವಿಚ್ ಮಾರುವವರು ಬರೆಯುವುದು ಅಕ್ಷರ ಬೀಳುವ ಭಾರ ಅಂತ ಆಮೇಲೆ ಗೊತ್ತಾಯಿತು. ನನಗೆ ಬೇಕಾಗಿದ್ದದ್ದು 60ರ ಆಸುಪಾಸಿನ ಪ್ಯಾಕೆಟ್.

ಇನ್ನೊಂದು ಮಾತು. ಕೀಬೋರ್ಡಿನ ಬಗ್ಗೆ ಐಎಸ್‌ಒ 9241 ಎಂಬ ಮಾನದಂಡ ಉಂಟು. ಅದರ 1998ರ ನಾಲ್ಕನೇ ಭಾಗದಲ್ಲಿ ಕೀ ಒತ್ತುವ ಬಲ 0.25ರಿಂದ 1.5 ನ್ಯೂಟನ್ ಇರಬಹುದು, 0.5ರಿಂದ 0.8 ಇದ್ದರೆ ಒಳ್ಳೆಯದು ಅಂತ ಹೇಳಿದೆ. ಅಂದರೆ 50ರಿಂದ 80 ಗ್ರಾಂ. ಈ 35 ಅದರ ಒಳ್ಳೆಯ ಪಟ್ಟಿಯಲ್ಲೇ ಇಲ್ಲ.

ಉಪ್ಪಳ ಗೇಮರ್

1998ರಲ್ಲಿ ನಾನು ಹುಟ್ಟಿರಲಿಲ್ಲ ಅಣ್ಣಾ 😀 ಆಗಿನ ಕೀಬೋರ್ಡುಗಳೇ ಬೇರೆ.

ಮುಳ್ಳೇರಿಯ ರಿಪೇರಿ

ಇಬ್ಬರದ್ದೂ ಸರಿಯೇ. ಆ ಪಟ್ಟಿ ಎಲ್ಲರಿಗೂ ಒಂದೇ ಕೀಬೋರ್ಡ್ ಕೊಡುವ ಕಚೇರಿಗಳಿಗೆ ಒಳ್ಳೆಯ ಮಿತಿ. ಆದರೆ ಅದು ಕಿರುಬೆರಳಿಗೂ ತೋರುಬೆರಳಿಗೂ ಒಂದೇ ಅಂಕಿ ಹೇಳುತ್ತದೆ. ಜಪಾನಿನ ರಿಯಲ್‌ಫೋರ್ಸ್‌ನವರು ಬೇರೆ ದಾರಿ ಹಿಡಿದರು. ಅವರ ಕೆಲವು ಕೀಬೋರ್ಡುಗಳಲ್ಲಿ ಕಿರುಬೆರಳಿನ ಕೀಗಳಿಗೆ 30 ಗ್ರಾಂ, ನಡುವಿನವಕ್ಕೆ 45, ಒಂದೆರಡಕ್ಕೆ 55. ಅಕ್ಕನ ಅಂಕಿ ಬರಲಿ.

ಬದಿಯಡ್ಕ ಡಿಟಿಪಿ

ಅಳೆದೆ. ಮಗಳು ಅಂಕಿ ಓದಿದಳು, ನಾನು ಒತ್ತಿದೆ.

ಹಳೆಯ ರೆಡ್: ಅಕ್ಷರ ಬಿದ್ದದ್ದು 47 ಗ್ರಾಂನಲ್ಲಿ, ತಳ 63.
ಹೊಸದು: ಅಕ್ಷರ 36ರಲ್ಲಿ, ತಳ 51.

ಬೆರಳುಗಳು ಸುಮ್ಮನೆ ಬಿಟ್ಟಾಗ: ತೋರುಬೆರಳು 28, ನಡುಬೆರಳು 31, ಉಂಗುರದ ಬೆರಳು 24, ಕಿರುಬೆರಳು 17. ಎರಡೂ ಕೈಗೆ ಒಂದೆರಡು ಗ್ರಾಂ ವ್ಯತ್ಯಾಸ ಅಷ್ಟೆ. ನನ್ನ ಬೆರಳು ಇಷ್ಟು ಭಾರ ಅಂತ ಗೊತ್ತೇ ಇರಲಿಲ್ಲ!

ಮುಳ್ಳೇರಿಯ ರಿಪೇರಿ

ಇದರಲ್ಲೇ ಉತ್ತರ ಉಂಟು ಅಕ್ಕಾ.

ಹೊಸ ಸ್ವಿಚ್ ನೋಡುವ. 2 ಮಿಲಿಮೀಟರಿಗೆ 36, 4 ಮಿಲಿಮೀಟರಿಗೆ 51. ಅಂದರೆ ಕೊನೆಯ 2 ಮಿಲಿಮೀಟರಿಗೆ 15 ಗ್ರಾಂ ಏರಿತು. ಸ್ಪ್ರಿಂಗ್ ಒಂದೇ ಸಮ ಏರುವಂಥದ್ದಾದರೆ ಮೊದಲ 2 ಮಿಲಿಮೀಟರಿಗೂ 15. ಹಾಗಾದರೆ ಆರಂಭದ ಭಾರ 36ರಿಂದ 15 ಕಳೆದು 21. ಹಳೆಯ ರೆಡ್‌ಗೆ ಇದೇ ಲೆಕ್ಕ ಮಾಡಿದರೆ 47ರಿಂದ 16 ಕಳೆದು 31.

ಈಗ ನಿಮ್ಮ ನಡುಬೆರಳು 31 ಗ್ರಾಂ. ಹಳೆಯ ರೆಡ್ ಮೇಲೆ ಅದು ಸುಮ್ಮನೆ ಕೂತರೆ ಕೀ ಅಲ್ಲಾಡುವುದೇ ಇಲ್ಲ, ಸ್ಪ್ರಿಂಗ್ ಅದನ್ನು ಹೊತ್ತುಕೊಳ್ಳುತ್ತದೆ. ಹೊಸದರ ಮೇಲೆ ಕೂತರೆ 21 ದಾಟಿ ಇನ್ನೂ 10 ಗ್ರಾಂ ಉಂಟು. ಮಿಲಿಮೀಟರಿಗೆ ಏಳೂವರೆ ಗ್ರಾಂ ಲೆಕ್ಕದಲ್ಲಿ ಕೀ ಆಗಲೇ 1.3 ಮಿಲಿಮೀಟರ್ ಇಳಿದಿರುತ್ತದೆ. ಅಕ್ಷರ ಬೀಳಲು ಇನ್ನು ಉಳಿದದ್ದು ಐದೇ ಗ್ರಾಂ. ಪಕ್ಕದ ಬೆರಳು ಚಾಚಿದರೂ ಸಾಕು. ಇನ್‌ಸ್ಕ್ರಿಪ್ಟ್‌ನಲ್ಲಿ ಎಡಗೈಯ ನಡುಬೆರಳಿನ ಕೆಳಗೆ ಇರುವುದು ಯಾವುದು? ಒತ್ತಕ್ಷರದ ಅರ್ಧಚಿಹ್ನೆ. ನಿಮಗೆ ಕೇಳದೆ ಬಂದು ಕೂರುವ ಒತ್ತು ಅದೇ.

ಹೀಗೆ ತಪ್ಪು ಬೀಳುವುದು ಗೊತ್ತಾದ ಮೇಲೆ ಕೈ ಎಂತ ಮಾಡುತ್ತದೆ? ನಿಮಗೆ ತಿಳಿಯದೆಯೇ ಬೆರಳುಗಳನ್ನು ಎತ್ತಿ ಹಿಡಿಯುತ್ತದೆ. ಬೆರಳು ಎತ್ತುವ ಸ್ನಾಯುಗಳು ಇರುವುದು ಮೊಣಕೈಯ ಹತ್ತಿರ, ಕೈಯ ಮೇಲ್ಭಾಗದಲ್ಲಿ. ಅವು ಹನ್ನೊಂದು ಗಂಟೆ ಬಿಡುವಿಲ್ಲದೆ ಬಿಗಿದೇ ಇರುತ್ತವೆ. ಒತ್ತುವ ಕೆಲಸ 10 ಗ್ರಾಂ ಉಳಿಯಿತು, ಎತ್ತಿ ಹಿಡಿಯುವ ಕೆಲಸ ಹೊಸದಾಗಿ ಬಂತು. ಗೇಮರ್ ತಮ್ಮನ ಮುನ್ನೂರು ಕೆಜಿ ಅಲ್ಲಿಗೆ ಹೋಯಿತು.

ಆದರೆ ಕಿರುಬೆರಳು 17. ಅದು 21ರ ಮೇಲೆ ಆರಾಮವಾಗಿ ಕೂರುತ್ತದೆ. ಹಾಗಾಗಿಯೇ ನಿಮ್ಮ ಕಿರುಬೆರಳು ಸುಧಾರಿಸಿದ್ದು. ಹೊಸ ಸ್ವಿಚ್ ಕೆಟ್ಟದ್ದಲ್ಲ, ಎಂಟು ಬೆರಳಿಗೂ ಹಾಕಿದ್ದು ತಪ್ಪು.

ಏನೂ ಖರೀದಿಸಬೇಡಿ. ಎರಡೂ ಸೆಟ್ ನಿಮ್ಮಲ್ಲೇ ಉಂಟು. ತೋರು, ನಡು, ಉಂಗುರದ ಬೆರಳಿನ ಕೀಗಳಿಗೆ ಹಳೆಯ ರೆಡ್ ವಾಪಸ್ ಹಾಕಿ. ಬಲ ಕಿರುಬೆರಳಿನ ಜ, ಚ, ಟ, ಡ, ಯ, ಎಡ ಕಿರುಬೆರಳಿನ ೊ, ೌ, ೋ, ೆ, ಜೊತೆಗೆ ಎರಡು ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್. ಈ ಹದಿಮೂರಕ್ಕೆ ಮಾತ್ರ ಹಗುರದ್ದು ಇರಲಿ. ಸ್ವಿಚ್ ಕೀಳುವಾಗ ನೇರ ಎಳೆಯಿರಿ, ಹಾಕುವ ಮೊದಲು ಕಾಲುಗಳು ನೆಟ್ಟಗೆ ಇವೆಯಾ ನೋಡಿ. ಮಡಚಿದ ಕಾಲಿನ ಸ್ವಿಚ್ ಒತ್ತಿ ಕೂರಿಸಿದರೆ ಆ ಕೀ ಸತ್ತಂತೆಯೇ.

ಕುಂಬಳೆ ಮಾಷ್ಟ್ರು

ಇದು ನನಗೆ ಹೊಳೆದಿರಲಿಲ್ಲ. ಟೈಪ್‌ರೈಟರಿನ ಕೀಲಿಯ ಮೇಲೆ ಬೆರಳು ಇಟ್ಟುಕೊಂಡು ಮಾತಾಡುತ್ತಾ ಕೂರುತ್ತಿದ್ದೆವು. ಅದು ಜಪ್ಪಯ್ಯ ಅಂದರೂ ಇಳಿಯುತ್ತಿರಲಿಲ್ಲ. ಬೆರಳಿಗೆ ಅದೇ ಕುರ್ಚಿ.

ಮುಳ್ಳೇರಿಯ ರಿಪೇರಿ

ಅದೇ ಮಾಷ್ಟ್ರೇ! ನೀವು ಹೇಳಿದ ಭಾರದಲ್ಲಿ ಅಷ್ಟು ನಿಜ ಇತ್ತು. ಬೇಕಾದದ್ದು ಆರಂಭದ ಭಾರ, ತಳದ್ದಲ್ಲ.

ಮಂಜೇಶ್ವರದ ನರ್ಸ್

ನನ್ನದೊಂದು ಮಾತು. ಮೇಜು ಎತ್ತರ ಇದ್ದರೂ ಕೈಯ ಮೇಲ್ಭಾಗ ಹೀಗೇ ನೋಯುತ್ತದೆ. ಮಣಿಕಟ್ಟು ಮೇಲಕ್ಕೆ ಬಾಗಿ ನಿಂತರೆ ಯಾವ ಸ್ಪ್ರಿಂಗ್ ಹಾಕಿದರೂ ಅಷ್ಟೆ. ನಮ್ಮ ಕಡೆಯ ಅಂಗಡಿಗಳಲ್ಲಿ ಊಟದ ಮೇಜಿನ ಎತ್ತರದ ಮೇಜು, ಪ್ಲಾಸ್ಟಿಕ್ ಕುರ್ಚಿ. ಎಲ್ಲವನ್ನೂ ಸ್ವಿಚ್ಚಿನ ಮೇಲೆ ಹಾಕಬೇಡಿ. ಮತ್ತೆ, ರಾತ್ರಿ ಬೆರಳು ಜೋಮು ಹಿಡಿಯುವುದು, ಹಿಡಿತ ತಪ್ಪಿ ಲೋಟ ಬೀಳುವುದು ಉಂಟಾದರೆ ತಕ್ಕಡಿ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಬದಿಯಡ್ಕ ಡಿಟಿಪಿ

ಜೋಮು ಇಲ್ಲ. ಮೇಜು ಎತ್ತರ ಇರುವುದು ನಿಜ. ಆದರೆ ಅದೇ ಮೇಜಿನಲ್ಲಿ ರೆಡ್ ಇದ್ದಾಗ ಈ ನೋವು ಇರಲಿಲ್ಲ. ಇವತ್ತು ರಾತ್ರಿ ಹದಿಮೂರರ ಪ್ರಯೋಗ ಮಾಡುತ್ತೇನೆ.

ಹೊಸೂರಿನಿಂದ

ಉಬ್ಬಿರುವ ಸ್ವಿಚ್ ಹಾಕಿದರೆ ತಳಕ್ಕೆ ಬಡಿಯುವುದು ಕಡಿಮೆ ಆಗುತ್ತದೆ ಅಂತ ಹೇಳುತ್ತಾರಲ್ಲ? ಅಕ್ಷರ ಬಿದ್ದದ್ದು ಬೆರಳಿಗೆ ಗೊತ್ತಾದರೆ ಅಲ್ಲಿಗೇ ನಿಲ್ಲಿಸಬಹುದು.

ಮುಳ್ಳೇರಿಯ ರಿಪೇರಿ

ಹೇಳುತ್ತಾರೆ. ನಿಧಾನವಾಗಿ ಟೈಪ್ ಮಾಡುವಾಗ ನಿಜವೂ ಹೌದು. ವೇಗ ಬಂದ ಮೇಲೆ ಬೆರಳು ಸುದ್ದಿ ತಿಳಿದು ನಿಲ್ಲುವಷ್ಟರಲ್ಲಿ ತಳ ಬಂದಿರುತ್ತದೆ. ಟೈಪಿಂಗ್ ಬಲವನ್ನು ಅಳೆದವರು ಕಂಡದ್ದೂ ಅದೇ. ಅಕ್ಷರ ಬೀಳಲು ಬೇಕಾದ್ದಕ್ಕಿಂತ ಎರಡು ಮೂರು ಪಟ್ಟು ಬಲದಲ್ಲಿ ಜನ ಹೊಡೆಯುತ್ತಾರೆ. ಹಾಗಾಗಿ ಉಬ್ಬಿನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ.

ಉಪ್ಪಳ ಗೇಮರ್

ನನಗೆ ಉಂಟು. ಬ್ರೌನ್ ಹಾಕಿದ ಮೇಲೆ ನನ್ನ ಸದ್ದೇ ಕಡಿಮೆ ಆಗಿದೆ, ಅಮ್ಮನನ್ನು ಕೇಳಿ.

ಬದಿಯಡ್ಕ ಡಿಟಿಪಿ

ಒಂದು ಅನಾಹುತ. ಹದಿಮೂರು ಬಿಟ್ಟು ಉಳಿದದ್ದಕ್ಕೆಲ್ಲ ರೆಡ್ ಹಾಕಿದೆ. ನಿನ್ನೆ ಬೆಳಿಗ್ಗೆ ಬ್ರಹ್ಮಕಲಶದ ಆಮಂತ್ರಣ ಹೊಡೆಯುತ್ತಿದ್ದೆ. ಎಡ ಶಿಫ್ಟ್ ಒತ್ತಿ ಬಿಟ್ಟರೆ ಮೇಲೆ ಬರುವುದಿಲ್ಲ, ಅಲ್ಲೇ ಕೂತಿರುತ್ತದೆ. ಕಲಶ ಎಂದು ಹೊಡೆದರೆ ಪರದೆಯಲ್ಲಿ "ಖಳಶ"! ದೇವಸ್ಥಾನದ ಸಮಿತಿಯವರು ಪಕ್ಕದಲ್ಲೇ ಕೂತಿದ್ದರು. ಹಗುರದ ಸ್ವಿಚ್ ಎಲ್ಲ ಕಡೆ ಇದ್ದಾಗಲೂ ಒಮ್ಮೊಮ್ಮೆ ಹೀಗೆ ಆಗುತ್ತಿತ್ತು, ನನ್ನ ಬೆರಳಿನ ತಪ್ಪು ಅಂದುಕೊಂಡಿದ್ದೆ.

ಮುಳ್ಳೇರಿಯ ರಿಪೇರಿ

ಹೇಳಬೇಕಿತ್ತು, ಮರೆತೆ. ತಪ್ಪು ನನ್ನದು. ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್, ಸ್ಪೇಸ್‌ಬಾರ್ ಉದ್ದದ ಕೀಗಳು. ಓರೆಯಾಗಿ ಇಳಿಯದಿರಲಿ ಅಂತ ಅವುಗಳ ಎರಡು ಬದಿಗೆ ಸ್ಟೆಬಿಲೈಸರ್, ನಡುವೆ ಒಂದು ತಂತಿ ಇರುತ್ತದೆ. ಆ ತಂತಿ ಒಣಗಿ ಉಜ್ಜಿದರೆ ಕೀಯನ್ನು ಮೇಲೆತ್ತಲು ಸ್ಪ್ರಿಂಗಿಗೆ ಜಾಸ್ತಿ ಬಲ ಬೇಕು. ಕೀ ಮೇಲಿನ ಹಂತಕ್ಕೆ ಬರುವಾಗ ನಿಮ್ಮ ಹಗುರದ ಸ್ಪ್ರಿಂಗಿನ ಹತ್ತಿರ ಇರುವುದು 21 ಗ್ರಾಂ ಮಾತ್ರ. ರೆಡ್ ಹತ್ತಿರ 31 ಇತ್ತು, ಹೇಗೋ ಎತ್ತುತ್ತಿತ್ತು.

ಕೀಕ್ಯಾಪ್ ತೆಗೆದು ತಂತಿಯ ತುದಿಗಳು ಸ್ಟೆಬಿಲೈಸರ್ ಒಳಗೆ ಹೋಗುವಲ್ಲಿ ಸಣ್ಣ ಬ್ರಷ್‌ನಿಂದ ಸಿಲಿಕೋನ್ ಗ್ರೀಸ್ ಸವರಿ. ತೆಂಗಿನೆಣ್ಣೆ, ಹೊಲಿಗೆ ಮೆಷಿನ್ ಎಣ್ಣೆ ಹಾಕಬೇಡಿ, ಧೂಳು ಹಿಡಿದು ಆರು ತಿಂಗಳಿಗೆ ಅಂಟಾಗುತ್ತದೆ. ಆಮೇಲೂ ತಡೆದರೆ ಶಿಫ್ಟ್‌ಗೆ ರೆಡ್ಡನ್ನೇ ಹಾಕಿ.

ಶಿಫ್ಟ್ ಹಗುರ ಇರಲಿ ಅಂದದ್ದಕ್ಕೆ ಒಂದು ಕಾರಣ ಉಂಟು. ಉಳಿದ ಕೀಗಳನ್ನು ಬಡಿದು ಬಿಡುತ್ತೀರಿ, ಶಿಫ್ಟನ್ನು ಹಿಡಿದುಕೊಳ್ಳುತ್ತೀರಿ, ಅದೂ ತಳದಲ್ಲಿ. ರೆಡ್‌ನಲ್ಲಿ ಕಿರುಬೆರಳು 63 ಗ್ರಾಂ ಹೊತ್ತು ನಿಲ್ಲಬೇಕು, ಇದರಲ್ಲಿ 51. ಇನ್‌ಸ್ಕ್ರಿಪ್ಟ್‌ನಲ್ಲಿ ಳ, ಶ, ಷ, ಖ, ಥ, ಧ ಎಲ್ಲಕ್ಕೂ ಎಡ ಶಿಫ್ಟ್. ಅ, ಆ, ಇ ಮತ್ತು ಣಕ್ಕೆ ಬಲ ಶಿಫ್ಟ್. ಕನ್ನಡದಲ್ಲಿ ಒಂದು ಸಾಲು ಶಿಫ್ಟ್ ಇಲ್ಲದೆ ಮುಗಿಯುವುದು ಅಪರೂಪ.

ಕುಂಬಳೆ ಮಾಷ್ಟ್ರು

ಖಳಶ! ಯಕ್ಷಗಾನದ ಕರಪತ್ರದಲ್ಲಿ ಆಗಿದ್ದರೆ ನಡೆಯುತ್ತಿತ್ತು.

ಬದಿಯಡ್ಕ ಡಿಟಿಪಿ

ಮೂರು ವಾರ ಆಯಿತು, ಹೇಗಾಯಿತು ಅಂತ ಬರೆಯುತ್ತೇನೆ.

ಗ್ರೀಸ್ ಹಾಕಿದ ಮೇಲೆ ಎಡ ಶಿಫ್ಟ್ ಸರಿಯಾಯಿತು. ಎಂಟರ್ ಸರಿಯಾಗಲಿಲ್ಲ, ಅದಕ್ಕೆ ರೆಡ್ ಹಾಕಿದೆ. ಕೈಯ ಮೇಲ್ಭಾಗದ ಎಳೆತ ಮೊದಲ ವಾರದಲ್ಲೇ ಹೋಯಿತು. ಕೇಳದೆ ಬರುವ ಒತ್ತೂ ನಿಂತಿದೆ. ಕಿರುಬೆರಳು ಈಗ ಸೋಲುವುದು ಆರೂವರೆ ಏಳರ ಹೊತ್ತಿಗೆ, ಮೊದಲಿನ ಹಾಗೆ ನಾಲ್ಕಕ್ಕೆ ಅಲ್ಲ. ನಡುವೆ ಎರಡನೇ ವಾರ ಮೇಜಿನ ಕಾಲಿನಿಂದ ಎರಡು ಇಂಚು ಕೊಯ್ಯಿಸಿದೆ. ಹಾಗಾಗಿ ಯಾವುದರಿಂದ ಎಷ್ಟು ಸರಿಯಾಯಿತು ಎಂದು ಕೇಳಬೇಡಿ.

ಒಂದು ಮಾತ್ರ ಉಳಿದಿದೆ. ಎಡಗೈಯ ನಡುಬೆರಳು ಈಗ ಕೆಲವು ದಿನ ನೋಯುತ್ತದೆ. ಒತ್ತಕ್ಷರ ಜಾಸ್ತಿ ಇರುವ ದಿನ, ಅಂದರೆ ಸಂಸ್ಕೃತ ಶ್ಲೋಕ ತುಂಬಿದ ಆಮಂತ್ರಣ ಬಂದ ದಿನ. ಹಗುರದ್ದು ಹಾಕಿದರೆ ತಾನಾಗಿ ಬೀಳುತ್ತದೆ, ರೆಡ್ ಹಾಕಿದರೆ ನೋಯುತ್ತದೆ.

ಮುಳ್ಳೇರಿಯ ರಿಪೇರಿ

ಆ ಒಂದು ಕೀಗೆ ಉದ್ದದ ಸ್ಪ್ರಿಂಗ್ ಹಾಕಿ ನೋಡಬಹುದು. ಅದು ಮೊದಲೇ ಜಾಸ್ತಿ ಅದುಮಿಕೊಂಡು ಕೂರುತ್ತದೆ, ಆಮೇಲೆ ನಿಧಾನ ಏರುತ್ತದೆ. ಉದಾಹರಣೆಗೆ ಆರಂಭ 38, ಅಕ್ಷರ 45, ತಳ 52. ನಿಮ್ಮ ನಡುಬೆರಳಿನ 31ನ್ನು ಹೊರುತ್ತದೆ, ತಳದಲ್ಲಿ ರೆಡ್‌ಗಿಂತ ಹನ್ನೊಂದು ಗ್ರಾಂ ಕಡಿಮೆ. ನನ್ನ ಬೋರ್ಡಿನಲ್ಲಿ ಪೂರ್ತಿ ಇಂಥದ್ದೇ ಉಂಟು.

ಹೊಸೂರಿನಿಂದ

ನನಗೆ ಉದ್ದದ ಸ್ಪ್ರಿಂಗ್ ಒಗ್ಗಲಿಲ್ಲ. ಮೇಲಿಂದ ಕೆಳಗಿನವರೆಗೆ ಒಂದೇ ಥರ, ಸಪ್ಪೆ. ತಳ ಹತ್ತಿರ ಬಂತು ಅಂತ ಬೆರಳಿಗೆ ಗೊತ್ತೇ ಆಗುವುದಿಲ್ಲ, ಇನ್ನೂ ಜೋರಾಗಿ ಬಡಿಯುತ್ತೇನೆ. ಒಂದು ಕೀಗೆ ಮಾತ್ರ ಹಾಕಿದರೆ ಪಕ್ಕದ ಕೀಗೂ ಅದಕ್ಕೂ ತಾಳ ತಪ್ಪುವುದಿಲ್ಲವಾ?

ಮುಳ್ಳೇರಿಯ ರಿಪೇರಿ

ಕೆಲವರಿಗೆ ತಪ್ಪುತ್ತದೆ. ಅಕ್ಕ ಆಗಲೇ ಎರಡು ತೂಕದ ಬೋರ್ಡಿನಲ್ಲಿ ಹೊಡೆಯುತ್ತಿದ್ದಾರೆ, ಮೂರನೆಯದು ಕಷ್ಟ ಆಗಲಿಕ್ಕಿಲ್ಲ ಅಂತ ನನ್ನ ಅಂದಾಜು. ನನ್ನಲ್ಲಿ ಬಿಡಿ ಸ್ಪ್ರಿಂಗ್ ಉಳಿದಿವೆ. ಶನಿವಾರ ಬದಿಯಡ್ಕಕ್ಕೆ ಬರುವುದುಂಟು, ನಾಲ್ಕು ತಂದು ಕೊಡುತ್ತೇನೆ. ಸ್ವಿಚ್ ಬಿಚ್ಚುವ ಸಾಧನವೂ ತರುತ್ತೇನೆ, ಚಾಕು ಹಾಕಬೇಡಿ.

ಬದಿಯಡ್ಕ ಡಿಟಿಪಿ

ಬನ್ನಿ ಅಣ್ಣಾ. ಮಧ್ಯಾಹ್ನ ಎರಡರ ಮೇಲೆ ಬಂದರೆ ಸಮಿತಿಯವರು ಇರುವುದಿಲ್ಲ.

ಕುಂಬಳೆ ಮಾಷ್ಟ್ರು

ನನ್ನ ಸದ್ದಿನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ.